ಎಡದಿಂದ ಬಲಕ್ಕೆ ಕೂಡುವ ಬಾಯಿಲೆಕ್ಕ: ಹತ್ತು ವಾರದ ಅಭ್ಯಾಸದ ಪೂರ್ತಿ ವಿವರ

ದಾವಣಗೆರೆಯ ಎಪಿಎಂಸಿ ಯಾರ್ಡಿನಲ್ಲಿ ದಲಾಲಿ ಅಂಗಡಿಯ ಪಟ್ಟಿ ಬರೆಯುವ ಕೆಲಸ ನನ್ನದು. ಮೆಕ್ಕೆಜೋಳದ ಸುಗ್ಗಿ ಶುರುವಾಗುವಷ್ಟರಲ್ಲಿ ಕೂಡುವ ಲೆಕ್ಕವನ್ನು ಎಡದಿಂದ ಬಲಕ್ಕೆ ತಲೆಯಲ್ಲೇ ಮಾಡುವುದನ್ನು ಕಲಿಯಬೇಕೆಂದು ಜುಲೈ ಕೊನೆಯಲ್ಲಿ ಹಿಡಿದೆ. ಒಂದು ಹದಕ್ಕೆ ಬಂದದ್ದು ಅಕ್ಟೋಬರ್ ಮೊದಲ ವಾರದಲ್ಲಿ. ಬಾಯಿಲೆಕ್ಕ ಅಂದ ಕೂಡಲೇ ಎಲ್ಲರೂ ಶಕುಂತಲಾ ದೇವಿಯವರ ಹೆಸರು ತೆಗೆಯುತ್ತಾರೆ. ಅವರು 1980ರಲ್ಲಿ ಲಂಡನ್ನಿನಲ್ಲಿ 13 ಅಂಕಿಯ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿದವರು, ಅದು ಬೇರೆಯೇ ಎತ್ತರ. ಇಲ್ಲಿ ಹೇಳುತ್ತಿರುವುದು ಮೂರು, ನಾಲ್ಕು ಅಂಕಿಯ ಮೊತ್ತಗಳನ್ನು ಒಂದರ ಮೇಲೊಂದು ಕೂಡುತ್ತಾ ಹೋಗುವ ವಿಷಯ ಮಾತ್ರ. ಕಲಿಯುವವರು ಎಲ್ಲಿ ನಿಂತುಬಿಡುತ್ತಾರೆ, ಯಾಕೆ ನಿಲ್ಲುತ್ತಾರೆ ಎಂಬುದನ್ನು ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಬೇಕಾದ ಸಾಮಾನು ಕಡಿಮೆ. ಇನ್ನೂರು ಪುಟದ ಒಂದು ನೋಟ್‌ಬುಕ್, ಒಂದು ದಪ್ಪ ರಟ್ಟಿನ ತುಂಡು, ಮನೆಯಲ್ಲಿ ಬಿದ್ದಿರುವ ಹಳೆಯ ಕಿರಾಣಿ ಚೀಟಿಗಳು. ಖರ್ಚು ನೂರು ರೂಪಾಯಿಯ ಒಳಗೇ ಮುಗಿಯಿತು. ಹಳೆಯ ಚೀಟಿಗಳನ್ನು ದಯವಿಟ್ಟು ಎಸೆಯಬೇಡಿ. ನಾವೇ ಕೂತು ಬರೆದುಕೊಂಡ ಸಂಖ್ಯೆಗಳು ನಮಗೇ ಗೊತ್ತಿಲ್ಲದೆ ಸುಲಭವಾಗಿಬಿಡುತ್ತವೆ. ಅಂಗಡಿಯ ಚೀಟಿಯಲ್ಲಿ 487, 178 ಇಂಥ ಒರಟು ಅಂಕಿಗಳು ತಾವಾಗಿಯೇ ಬರುತ್ತವೆ, ಒಟ್ಟು ಮೊತ್ತವೂ ಕೆಳಗೆ ಇರುತ್ತದೆ. ದಿನಕ್ಕೆ ಬೆಳಿಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ. ಒಂದೇ ಸಲ ನಲವತ್ತು ನಿಮಿಷ ಕೂತ ದಿನ ಕೊನೆಯ ಲೆಕ್ಕಗಳೆಲ್ಲ ತಪ್ಪಾದವು, ಅದರಿಂದ ಲಾಭವಾಗಲಿಲ್ಲ.

ಮೊದಲ ವಾರ ಪೂರ್ತಿ ತಪ್ಪು ದಾರಿಯಲ್ಲಿ ಹೋಯಿತು. ಬಹಳ ಜನ ಇದೇ ದಾರಿ ಹಿಡಿಯುವುದರಿಂದ ಇದನ್ನು ಬಿಡಿಸಿ ಹೇಳುತ್ತೇನೆ. 467ಕ್ಕೆ 385 ಕೂಡಬೇಕು. ಎಡದಿಂದ ಅಂದರು ಅಂತ ನೂರಕ್ಕೆ ನೂರು ಕೂಡಿ 7, ಹತ್ತಕ್ಕೆ ಹತ್ತು ಕೂಡಿ 14, ಬಿಡಿಗೆ ಬಿಡಿ ಕೂಡಿ 12 ಎಂದು ಮೂರು ತುಂಡು ಮಾಡಿಟ್ಟುಕೊಂಡೆ. ಈಗ ಮೂರು ತುಂಡು ತಲೆಯಲ್ಲಿವೆ, ಅವನ್ನು ಜೋಡಿಸುವ ಕೆಲಸ ಇನ್ನೂ ಬಾಕಿ ಇದೆ. ಜೋಡಿಸುತ್ತಿರುವಾಗ ಒಂದು ತುಂಡು ಜಾರುತ್ತದೆ. ಮನಸ್ಸು ಒಂದು ಹೊತ್ತಿಗೆ ಬಿಗಿಯಾಗಿ ಹಿಡಿಯುವುದು ಮೂರೋ ನಾಲ್ಕೋ ಸಂಗತಿಯನ್ನು. ಮೂರನ್ನೂ ತುಂಡುಗಳೇ ತಿಂದರೆ ಲೆಕ್ಕ ಮಾಡಲು ಜಾಗವೆಲ್ಲಿ?

ಸರಿಯಾದ ಕ್ರಮದಲ್ಲಿ ಮೊದಲ ಸಂಖ್ಯೆಯನ್ನು ಒಡೆಯುವುದೇ ಇಲ್ಲ, ಎರಡನೆಯದನ್ನು ಮಾತ್ರ ಒಡೆಯುತ್ತೇವೆ. 467 ಇಡಿಯಾಗಿ ಕೈಯಲ್ಲಿದೆ. ಅದಕ್ಕೆ 300 ಹಾಕಿದರೆ 767. ಅದಕ್ಕೆ 80 ಹಾಕಿದರೆ 847. ಅದಕ್ಕೆ 5 ಹಾಕಿದರೆ 852. ಯಾವ ಗಳಿಗೆಯಲ್ಲೂ ತಲೆಯಲ್ಲಿರುವುದು ಒಂದೇ ಸಂಖ್ಯೆ, ಅಂದರೆ ಅಲ್ಲಿಯವರೆಗಿನ ಮೊತ್ತ. ಹೊಸದು ಬಂದ ಕೂಡಲೇ ಹಳೆಯದನ್ನು ಮರೆಯಬಹುದು, ಮರೆಯಲೇಬೇಕು. 767 ಆದಮೇಲೆ 467 ನೆನಪಿನಲ್ಲಿ ಉಳಿದಿದ್ದರೆ ಅದು ತೊಂದರೆಯೇ. ಬಲದಿಂದ ಮಾಡುವಾಗ 7ಕ್ಕೆ 5 ಹನ್ನೆರಡು, ಎರಡಿಟ್ಟೆ, ಕೈಲಿ ಒಂದು ಎಂದು ಶುರುವಾಗುತ್ತದೆ. ಉತ್ತರದ ಕೊನೆಯ ಅಂಕಿ ಮೊದಲು ಸಿಗುತ್ತದೆ, ಕೊನೆಗೆ ಎಲ್ಲವನ್ನೂ ತಿರುಗಿಸಿ ಹೇಳಬೇಕು. ಕಾಗದದ ಮೇಲೆ ಅದು ತೊಂದರೆಯಲ್ಲ, ಕಾಗದವೇ ನೆನಪಿಟ್ಟುಕೊಳ್ಳುತ್ತದೆ. ತಲೆಯಲ್ಲಿ ಮಾಡುವಾಗ ಆ ಕಾಗದ ಇರುವುದಿಲ್ಲ.

ಕನ್ನಡದವರಿಗೆ ಇಲ್ಲಿ ಒಂದು ಅನುಕೂಲ ಇದೆ. ಎಂಟುನೂರ ಐವತ್ತೆರಡು ಎನ್ನುವಾಗ ನೂರು, ಹತ್ತು, ಬಿಡಿ ಇದೇ ಕ್ರಮದಲ್ಲಿ ಬಾಯಿಂದ ಹೊರಡುತ್ತವೆ. ಲೆಕ್ಕ ಸಾಗುವ ದಾರಿ, ಮಾತು ಸಾಗುವ ದಾರಿ ಎರಡೂ ಒಂದೇ. ನಮ್ಮ ಊರಲ್ಲಿ ಉರ್ದುವಿನಲ್ಲಿ ಎಣಿಸುವವರೂ ಬಹಳ ಜನ ಇದ್ದಾರೆ. ಅಲ್ಲಿ ನಲವತ್ತೇಳಕ್ಕೆ ಸೈಂತಾಲೀಸ್, ಏಳು ಮೊದಲು ನಲವತ್ತು ಆಮೇಲೆ. ಎರಡೂ ಭಾಷೆಯಲ್ಲಿ ಎಣಿಸುವ ರೂಢಿ ಇರುವವರು ಈ ಅಭ್ಯಾಸಕ್ಕೆ ಕನ್ನಡವನ್ನೇ ಇಟ್ಟುಕೊಂಡರೆ ಹತ್ತರ ಅಂಕಿ ಮೊದಲೇ ಕೈಗೆ ಸಿಗುತ್ತದೆ.

ಎರಡನೇ ವಾರದಿಂದ ಕಣ್ಣಿನ ಜೊತೆ ಹೋರಾಟ. ಚೀಟಿ ನೋಡಿದ ಕೂಡಲೇ ಕಣ್ಣು ಬಿಡಿ ಅಂಕಿಗೇ ಓಡುತ್ತದೆ. ಒಂದನೇ ಕ್ಲಾಸಿನಿಂದ ಕೂತ ರೂಢಿ ಅದು, ಬೇಡ ಅಂದರೆ ಬಿಡುವುದಿಲ್ಲ. ರಟ್ಟಿನ ತುಂಡು ಇದಕ್ಕಾಗಿ. ಕೂಡಬೇಕಾದ ಸಂಖ್ಯೆಯ ಮೇಲೆ ರಟ್ಟನ್ನಿಟ್ಟು ನೂರರ ಅಂಕಿ ಮಾತ್ರ ಕಾಣುವಂತೆ ಮಾಡಿ, ಕೂಡಿ, ಬಾಯಿಬಿಟ್ಟು ಹೇಳಿ. ರಟ್ಟನ್ನು ಒಂದು ಅಂಕಿ ಬಲಕ್ಕೆ ಸರಿಸಿ, ಹತ್ತನ್ನು ಕೂಡಿ. ಮತ್ತೆ ಸರಿಸಿ. ಹತ್ತು ದಿನ ಹೀಗೆ ಮಾಡಿದ ಮೇಲೆ ರಟ್ಟು ಬೇಡವಾಯಿತು.

ಮೂರನೇ ವಾರದಿಂದ ಐದನೇ ವಾರದವರೆಗಿನದು ಕಷ್ಟದ ಕಾಲ. ವೇಗ ಹಳೆಯ ಪದ್ಧತಿಗಿಂತ ಕಡಿಮೆ ಇರುತ್ತದೆ, ತಪ್ಪು ಜಾಸ್ತಿ ಇರುತ್ತದೆ. ಬಿಟ್ಟುಬಿಡೋಣ ಅನ್ನಿಸಿದ್ದು ಒಂದು ಸಲವಲ್ಲ. ಕೈಗೆ ಕ್ಯಾಲ್ಕುಲೇಟರ್ ಎಟುಕುವಾಗ ಇದೆಲ್ಲ ಯಾಕೆ ಎಂಬ ಬೇಸರವೂ ಬಂತು. ಆಮೇಲೆ ತಪ್ಪುಗಳನ್ನು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆಯುತ್ತಾ ಹೋದೆ. ಉತ್ತರ ಎಷ್ಟು ಹೆಚ್ಚು ಬಂತು, ಎಷ್ಟು ಕಡಿಮೆ ಬಂತು ಎಂಬುದನ್ನಷ್ಟೇ. ಎರಡು ವಾರದ ತಪ್ಪುಗಳನ್ನು ಒಟ್ಟಿಗೆ ನೋಡಿದಾಗ ಹೆಚ್ಚಿನವು ಸರಿಯಾಗಿ ನೂರು ಕಡಿಮೆ. ಅಂದರೆ ಕೂಡುವುದು ಬರುತ್ತಿದೆ, ಒಂದೇ ಜಾಗದಲ್ಲಿ ಕಾಲು ಜಾರುತ್ತಿದೆ.

ಆ ಜಾಗ ಒಂಬತ್ತು. 467ಕ್ಕೆ 238 ಕೂಡಿ ನೋಡಿ. 667, 697, ಇನ್ನು 8 ಹಾಕಬೇಕು. 7ಕ್ಕೆ 8 ಹದಿನೈದು, ಐದು ಸಿಕ್ಕಿತು. ಹತ್ತರ ಜಾಗದ ಒಂಬತ್ತು ತುಂಬಿ ಸೊನ್ನೆಯಾಗುತ್ತದೆ, ನೂರರ ಜಾಗದ ಆರು ಏಳಾಗುತ್ತದೆ. ಒಂದೇ ಏಟಿಗೆ ಮೂರೂ ಅಂಕಿ ಬದಲಾಗಬೇಕು. ಆದರೆ ಬಾಯಿ ಆಗಲೇ ‘ಆರುನೂರ’ ಎಂದುಬಿಟ್ಟಿರುತ್ತದೆ, ಉತ್ತರ 605 ಎಂದು ಬಂದುಬಿಡುತ್ತದೆ. ಸರಿಯಾದದ್ದು 705.

ಇದನ್ನು ಎರಡು ಕಡೆಯಿಂದ ಸರಿಮಾಡಬೇಕು. ಮೊದಲನೆಯದು ನೂರು ತುಂಬಿಸುವುದು. 697 ಏಳುನೂರಾಗಲು 3 ಬೇಕು. ಎಂಟರಲ್ಲಿ ಮೂರು ಅಲ್ಲಿಗೆ ಹೋಯಿತು, ಐದು ಉಳಿಯಿತು, ಏಳುನೂರ ಐದು. ಇದಕ್ಕೆ ಹತ್ತರ ಜೋಡಿಗಳು, ಅಂದರೆ 1 ಮತ್ತು 9, 2 ಮತ್ತು 8, 3 ಮತ್ತು 7, 4 ಮತ್ತು 6, 5 ಮತ್ತು 5, ಯೋಚನೆಯಿಲ್ಲದೆ ಬರಬೇಕು. ಹತ್ತು ಅಥವಾ ಅದಕ್ಕೂ ಹೆಚ್ಚಾಗುವ ಒಂಟಿ ಅಂಕಿಯ ಜೋಡಿಗಳು ಒಟ್ಟು 25 ಇವೆ. ಅವನ್ನು ಒಂದು ಪುಟದಲ್ಲಿ ಬರೆದು ಯಾವುದರಲ್ಲಿ ತಡವರಿಸುತ್ತೀರಿ ಎಂದು ಗುರುತು ಹಾಕಿ. 6 ಮತ್ತು 7, 7 ಮತ್ತು 8, 6 ಮತ್ತು 8 ಇವೇ ನನಗೆ ಕೊನೆಯವರೆಗೂ ಕಾಡಿದವು. ಆ ನಾಲ್ಕಾರು ಜೋಡಿಗಳಿಗೆ ಬೆಳಗಿನ ಎರಡು ನಿಮಿಷ ಕೊಟ್ಟರೆ ಸಾಕು.

ಎರಡನೆಯದು ಮುಂದೆ ನೋಡುವುದು. ಉತ್ತರವನ್ನು ಎಡದಿಂದಲೇ ಬಾಯಲ್ಲಿ ಹೇಳುತ್ತಾ ಹೋಗಬೇಕಾದರೆ ಒಂದು ಅಂಕಿಯನ್ನು ಹೇಳುವ ಮೊದಲು ಅದರ ಬಲಗಡೆಯ ಜೋಡಿಯ ಮೇಲೆ ಒಂದು ಕಣ್ಣು ಹಾಯಿಸಿ. ಆ ಜೋಡಿಯ ಮೊತ್ತ 8 ಅಥವಾ ಕಡಿಮೆಯಿದ್ದರೆ ಅಲ್ಲಿಂದ ಏನೂ ಬರುವುದಿಲ್ಲ, ಧೈರ್ಯವಾಗಿ ಹೇಳಿ. 10 ಅಥವಾ ಹೆಚ್ಚಿದ್ದರೆ ಖಂಡಿತ ಒಂದು ಬರುತ್ತದೆ, ಸೇರಿಸಿಯೇ ಹೇಳಿ. ಸರಿಯಾಗಿ 9 ಬಂದರೆ ಮಾತ್ರ ಬಾಯಿ ಮುಚ್ಚಿಕೊಂಡು ಇನ್ನೂ ಒಂದು ಹೆಜ್ಜೆ ಬಲಕ್ಕೆ ನೋಡಿ. 3648ಕ್ಕೆ 2357 ಕೂಡುವಾಗ ಸಾವಿರದ ಜಾಗದಲ್ಲಿ 5. ಹೇಳಬಹುದೇ? ನೂರರಲ್ಲಿ 6ಕ್ಕೆ 3 ಒಂಬತ್ತು, ಕಾಯಬೇಕು. ಹತ್ತರಲ್ಲಿ 4ಕ್ಕೆ 5 ಮತ್ತೆ ಒಂಬತ್ತು, ಇನ್ನೂ ಕಾಯಬೇಕು. ಬಿಡಿಯಲ್ಲಿ 8ಕ್ಕೆ 7 ಹದಿನೈದು. ಈಗ ಎಲ್ಲ ಒಟ್ಟಿಗೆ ಉರುಳುತ್ತದೆ, 6005. ಎರಡು ಸಂಖ್ಯೆಗಳನ್ನು ಕೂಡುವಾಗ ಈ ನಿಯಮ ತಪ್ಪುವುದಿಲ್ಲ, ಏಕೆಂದರೆ ಬಲಗಡೆಯಿಂದ ಬರುವುದು ಹೆಚ್ಚೆಂದರೆ ಒಂದು. ಹತ್ತು ಸಂಖ್ಯೆಗಳನ್ನು ಸಾಲಾಗಿ ನಿಲ್ಲಿಸಿ ಒಂದೇ ಸಲ ಕೂಡುವವರಿಗೆ ಬಲದಿಂದ ನಾಲ್ಕೈದು ಕೂಡ ಬರಬಹುದು, ಆಗ ಈ ನಿಯಮ ಹಿಡಿಯಬೇಡಿ.

ಆರನೇ ವಾರ ಒಂದು ದಿನ ಇದ್ದಕ್ಕಿದ್ದಂತೆ ಹಗುರವಾಯಿತು. ಅದೇ ವಾರ ತುಂಬಿಸಿ ಕಳೆಯುವುದನ್ನು ಸೇರಿಸಿಕೊಂಡೆ. 285ಕ್ಕೆ 197 ಎಂದಾಗ 200 ಹಾಕಿ 485, ಮೂರು ಕಡಿಮೆ, 482. ಇದರಲ್ಲಿ ಬೀಳುವ ತಪ್ಪು ಒಂದೇ: ಮೂರನ್ನು ಕಳೆಯುವ ಬದಲು ಕೂಡಿ 488 ಎನ್ನುವುದು. ಅದಕ್ಕೇ ‘ಇನ್ನೂರಕ್ಕೆ ಮೂರು ಕಡಿಮೆ’ ಎಂದು ಸಂಖ್ಯೆಯನ್ನೇ ಬೇರೆ ಹೆಸರಿನಿಂದ ಕರೆದುಕೊಳ್ಳಿ. ‘ಕಡಿಮೆ’ ಎಂಬ ಮಾತು ಬಾಯಲ್ಲಿದ್ದರೆ ಕೈ ತಪ್ಪುವುದಿಲ್ಲ. ಮುಂದಿನ ನೂರಕ್ಕೆ ನಾಲ್ಕರ ಒಳಗೆ ಇದ್ದರೆ ಮಾತ್ರ ಹೀಗೆ ಮಾಡಿ. 187ನ್ನು ಇನ್ನೂರಕ್ಕೆ ಹದಿಮೂರು ಕಡಿಮೆ ಮಾಡುವುದಕ್ಕಿಂತ ನೇರವಾಗಿ ಕೂಡುವುದೇ ಬೇಗ.

ಏಳನೇ ವಾರ ಇಡೀ ಚೀಟಿ. ಒಂದು ತಿಂಗಳ ಕಿರಾಣಿಯನ್ನು ಹೀಗಿದೆ ಅಂದುಕೊಳ್ಳಿ: ಅಕ್ಕಿ 1340, ತೊಗರಿಬೇಳೆ 348, ಶೇಂಗಾ ಎಣ್ಣೆ 765, ಸಕ್ಕರೆ 225, ಮಂಡಕ್ಕಿ 96, ಬೆಲ್ಲ 178, ಒಣಮೆಣಸಿನಕಾಯಿ 487. ಮನಸ್ಸಿನೊಳಗೆ ಓಡುವುದು ಇಷ್ಟು. 1340ರಿಂದ ಹೊರಟು ಬೇಳೆಗೆ 1640, 1680, 1688. ಎಣ್ಣೆಗೆ 2388, 2448, 2453. ಸಕ್ಕರೆಗೆ 2653, 2673, 2678. ಮಂಡಕ್ಕಿ ನೂರಕ್ಕೆ ನಾಲ್ಕು ಕಡಿಮೆ, 2778, 2774. ಬೆಲ್ಲಕ್ಕೆ 2874, 2944, 2952. ಮೆಣಸಿನಕಾಯಿಗೆ 3352, 3432, 3439. ‘ಅಕ್ಕಿಗೆ ಬೇಳೆ ಕೂಡಿದರೆ’ ಎಂದೆಲ್ಲ ಒಳಗೆ ಹೇಳಿಕೊಳ್ಳಬೇಡಿ. ‘ಸಾವಿರದ ಆರುನೂರ ನಲವತ್ತು, ಎಂಬತ್ತು, ಎಂಬತ್ತೆಂಟು’ ಎಂದು ಮೊತ್ತ ಮಾತ್ರ, ಅದರಲ್ಲೂ ಬದಲಾದ ಭಾಗ ಮಾತ್ರ ಸಾಕು.

ನಾಲ್ಕು ಅಂಕಿ ಆದಮೇಲೆ ಹೊರೆ ಜಾಸ್ತಿಯಾಗುತ್ತದೆ. ಆಗ ಸಾವಿರವನ್ನು ಕೈಗೆ ಕೊಡಿ. ಹಿರಿಯರು ಬೆರಳಿನ ಗೆಣ್ಣುಗಳ ಮೇಲೆ ಎಣಿಸುತ್ತಿದ್ದರಲ್ಲ, ನಾಲ್ಕು ಬೆರಳಿಗೆ ಮೂರು ಮೂರರಂತೆ ಹನ್ನೆರಡು. ಹೆಬ್ಬೆರಳನ್ನು ಕಿರುಬೆರಳಿನ ಮೊದಲ ಗೆಣ್ಣಿನ ಮೇಲಿಟ್ಟರೆ ಒಂದು ಸಾವಿರ, ಸಾವಿರ ದಾಟಿದಾಗೆಲ್ಲ ಒಂದು ಗೆಣ್ಣು ಮುಂದೆ. ತಲೆಯಲ್ಲಿ ಮೂರಂಕಿ ಮಾತ್ರ ಉಳಿಯುತ್ತದೆ. ಸಾವಿರ ದಾಟಿದ ಗಳಿಗೆಯಲ್ಲೇ ಹೆಬ್ಬೆರಳು ಸರಿಯಬೇಕು, ಮುಂದಿನ ಹೆಜ್ಜೆಗೆ ಬಿಟ್ಟರೆ ಮರೆತೇ ಹೋಗುತ್ತದೆ. ಈ ಚೀಟಿಯಲ್ಲಿ ಎಣ್ಣೆಯ 700 ಹಾಕಿದ ಕೂಡಲೇ ಒಂದು ಸಲ, ಮೆಣಸಿನಕಾಯಿಯ 400 ಹಾಕಿದ ಕೂಡಲೇ ಇನ್ನೊಂದು ಸಲ.

ಎಂಟನೇ ವಾರ ಚೀಟಿಯನ್ನು ಇನ್ನೊಬ್ಬರ ಕೈಗೆ ಕೊಟ್ಟು ಓದಿಸಿದೆ. ಅಕ್ಕನ ಮಗಳು ದಿನಾ ಸಂಜೆ ಓದಿದಳು. “ಮಾಮ, ಜೋರಾಗಿ ಓದ್ಲಾ, ನಿಧಾನಕ್ಕೆ ಓದ್ಲಾ?” ಎಂದು ಮೊದಲ ದಿನ ಕೇಳಿದಳು. ನಿಧಾನಕ್ಕೆ ಬೇಡ, ಒಂದೇ ಸಮನೆ ಓದು ಅಂದೆ. ಅದೇ ಸರಿ. ಎರಡು ಸಂಖ್ಯೆಗಳ ನಡುವೆ ನಾಲ್ಕು ಸೆಕೆಂಡಿನಿಂದ ಶುರುಮಾಡಿ ಎರಡಕ್ಕೆ ಇಳಿಸಿ. ಒಮ್ಮೆ ಬೇಗ ಒಮ್ಮೆ ತಡವಾಗಿ ಬಂದರೆ ಲಯ ಕೆಡುತ್ತದೆ. ಕಿವಿಯಲ್ಲಿ ಕೇಳುವಾಗ ಎಡದಿಂದ ಕೂಡುವುದರ ನಿಜವಾದ ಲಾಭ ಗೊತ್ತಾಗುತ್ತದೆ. ‘ಮುನ್ನೂರ’ ಎಂದು ಕೇಳಿಸಿದ ಕೂಡಲೇ 300 ಕೂಡಿ ಮುಗಿದಿರುತ್ತದೆ, ‘ನಲವತ್ತೆಂಟು’ ಇನ್ನೂ ಬರುತ್ತಿರುತ್ತದೆ. ಬಲದಿಂದ ಕೂಡುವವರು ಪೂರ್ತಿ ಕೇಳುವತನಕ ಶುರುವೇ ಮಾಡಲಾಗದು.

ಇಲ್ಲಿ ನಾನು ಎಣಿಸದೇ ಇದ್ದ ಅಡ್ಡಿ ಬಂತು, ಅದು ಕನ್ನಡದ್ದೇ. ಇಪ್ಪತ್ತು ಮತ್ತು ಎಪ್ಪತ್ತು ಗದ್ದಲದಲ್ಲಿ ಒಂದೇ ಥರ ಕೇಳುತ್ತವೆ. ಎಂಬತ್ತು, ಒಂಬತ್ತು, ತೊಂಬತ್ತು ಇನ್ನೂ ಕಷ್ಟ. ಇಪ್ಪತ್ತನ್ನು ಎಪ್ಪತ್ತು ಎಂದು ಕೇಳಿಸಿಕೊಂಡರೆ ಉತ್ತರ ಐವತ್ತು ಹೆಚ್ಚು ಬರುತ್ತದೆ. ನೋಟ್‌ಬುಕ್ಕಿನಲ್ಲಿ ಐವತ್ತರ ತಪ್ಪು ಕಂಡರೆ ಅದು ಕಿವಿಯ ತಪ್ಪಿರಬಹುದು ಎಂದು ಮೊದಲು ನೋಡಿ. ಓದುವವರಿಗೆ ‘ಇಪ್ಪತ್ತು’ ಬಂದಾಗ ‘ಎರಡು ಸೊನ್ನೆ’, ‘ಎಪ್ಪತ್ತು’ ಬಂದಾಗ ‘ಏಳು ಸೊನ್ನೆ’ ಎಂದು ಸೇರಿಸಿ ಹೇಳಲು ಒಪ್ಪಿಸಿದರೆ ಸಮಸ್ಯೆ ಮುಗಿಯಿತು.

ಇನ್ನೊಂದು ಅಡ್ಡಿ ಪಕ್ಕದವರ ಮಾತು. ಯಾರೋ ಬಂದು ಮಳೆ ಬಂತು ಅಂದರೆ ಮೊತ್ತ ಉಳಿಯುತ್ತದೆ. “ಹತ್ತು ನಿಮಿಷ ಬಿಟ್ಟು ಬರ್ತೀನಿ” ಅಂದರೆ ಹೋಗಿಬಿಡುತ್ತದೆ. ಮೊತ್ತವನ್ನು ಒಳಗೊಳಗೇ ಉಚ್ಚರಿಸುತ್ತಾ ಹಿಡಿದಿರುತ್ತೇವೆ, ಇನ್ನೊಂದು ಸಂಖ್ಯೆ ಕಿವಿಗೆ ಬಿದ್ದರೆ ಅದೇ ಜಾಗಕ್ಕೆ ನುಗ್ಗುತ್ತದೆ. ಅಂಥ ಹೊತ್ತಿನಲ್ಲಿ ನಾಚಿಕೆಯಿಲ್ಲದೆ ಮೊತ್ತವನ್ನು ಜೋರಾಗಿ ಹೇಳಿ, ಇಲ್ಲವೇ ಚೀಟಿಯ ಅಂಚಿನಲ್ಲಿ ಗೀಚಿ.

ಕೊನೆಯ ಎರಡು ವಾರ ತಾಳೆ ನೋಡುವುದಕ್ಕೆ ಕೊಟ್ಟೆ. ಒಂಬತ್ತು ಬಿಡುವ ತಾಳೆ ಬಹಳ ಜನಕ್ಕೆ ಗೊತ್ತು: ಪ್ರತಿ ಸಂಖ್ಯೆಯ ಅಂಕಿಗಳನ್ನು ಒಂದೇ ಅಂಕಿ ಆಗುವವರೆಗೆ ಕೂಡಿ, ಒಂಬತ್ತು ಬಂದರೆ ಸೊನ್ನೆ ಎಂದುಕೊಳ್ಳಿ. ಮೇಲಿನ ಚೀಟಿಗೆ 8, 6, 0, 0, 6, 7, 1 ಬರುತ್ತದೆ. ಒಟ್ಟು 28, ಅದು 10, ಅದು 1. ಉತ್ತರ 3439ರ ಅಂಕಿಗಳು 19, 10, 1. ತಾಳೆಯಾಯಿತು. ನೂರು ಕಡಿಮೆ ಬಿದ್ದ ತಪ್ಪನ್ನು ಇದು ಖಂಡಿತ ಹಿಡಿಯುತ್ತದೆ. ಆದರೆ ಎಡದಿಂದ ಕೂಡುವವರು ಜಾಸ್ತಿ ಮಾಡುವ ಇನ್ನೊಂದು ತಪ್ಪಿದೆ, ಅಂಕಿಯನ್ನು ಬೇರೆ ಜಾಗಕ್ಕೆ ಹಾಕುವುದು, 300ರ ಬದಲು 30 ಕೂಡುವುದು. ವ್ಯತ್ಯಾಸ 270. ಅದು ಒಂಬತ್ತರಿಂದ ಪೂರ್ತಿ ಭಾಗವಾಗುತ್ತದೆ, ತಾಳೆ ಸರಿ ಎಂದೇ ಹೇಳುತ್ತದೆ. 3ರ ಬದಲು 30 ಹಾಕಿದರೂ ವ್ಯತ್ಯಾಸ 27, ಅದೇ ಕತೆ. ಈ ಬಗೆಯ ಯಾವ ತಪ್ಪನ್ನೂ ಒಂಬತ್ತು ಹಿಡಿಯಲಾರದು. ಇದನ್ನು ತಿಳಿಯದೆ ನಂಬಿಕೊಂಡು ನಾನು ಒಂದು ವಾರ ತಪ್ಪು ಉತ್ತರಗಳಿಗೆ ಸರಿ ಗುರುತು ಹಾಕಿದ್ದೇನೆ.

ಹಾಗಾಗಿ ಈಗ ಮಾಡುವುದು ಕೆಳಗಿನಿಂದ ಮೇಲೆ ಮತ್ತೊಮ್ಮೆ ಕೂಡುವುದು. ಅದೇ ಚೀಟಿ: 487, ಬೆಲ್ಲಕ್ಕೆ 665, ಮಂಡಕ್ಕಿಗೆ 761, ಸಕ್ಕರೆಗೆ 986, ಎಣ್ಣೆಗೆ 1751, ಬೇಳೆಗೆ 2099, ಅಕ್ಕಿಗೆ 3439. ನಡುವಿನ ಮೊತ್ತಗಳೆಲ್ಲ ಬೇರೆಯಾಗುವುದರಿಂದ ಹಳೆಯ ತಪ್ಪು ಅದೇ ಜಾಗದಲ್ಲಿ ಮತ್ತೆ ಬೀಳುವುದು ಕಷ್ಟ. ಮೇಲಿನಿಂದಲೇ ಎರಡನೇ ಸಲ ಕೂಡಿದರೆ ಮಾತ್ರ ಮನಸ್ಸು ಹಿಂದಿನ ಉತ್ತರವನ್ನೇ ಒಪ್ಪಿಸುತ್ತದೆ.

ಅಕ್ಟೋಬರ್ ಮೊದಲ ವಾರ ಯಾರ್ಡಿನಲ್ಲಿ ಹಮಾಲರು ತೂಕ ಕೂಗುವಾಗ ಪಟ್ಟಿ ಬರೆಯುತ್ತಲೇ ಕೂಡಿ ನೋಡಿದೆ. ಅರವತ್ತೊಂದು, ಐವತ್ತೆಂಟು, ಅರವತ್ತಮೂರು, ಐವತ್ತೊಂಬತ್ತು. 61, 111, 119, 179, 182. ಕೊನೆಯದು ಅರವತ್ತಕ್ಕೆ ಒಂದು ಕಡಿಮೆ, 242, 241. ನಲವತ್ತು ಚೀಲದ ಒಂದು ಲಾಟಿನಲ್ಲಿ ಕೊನೆಯ ಚೀಲ ಕಾಟಾದಿಂದ ಇಳಿಯುವಾಗ ಮೊತ್ತ ಬಾಯಲ್ಲಿತ್ತು, ಕ್ಯಾಲ್ಕುಲೇಟರಿನ ಮೊತ್ತಕ್ಕೆ ಸರಿಹೋಯಿತು. “ಅಣ್ಣಾ, ಆಗ್ಲೇ ಹೇಳಿಬಿಟ್ರಾ?” ಎಂದು ರೈತರೊಬ್ಬರು ಪಟ್ಟಿ ಇಸಿದುಕೊಂಡು ತಾವೂ ಒಮ್ಮೆ ಕೂಡಿ ನೋಡಿದರು. ಹಣದ ಪಟ್ಟಿಗೆ ಈಗಲೂ ಯಂತ್ರದಲ್ಲಿ ಕೂಡಿಯೇ ಸಹಿ ಹಾಕುತ್ತೇನೆ, ತಲೆಯ ಮೊತ್ತ ಅದರ ಎದುರು ನಿಲ್ಲುವ ತಾಳೆ.

ಎಲ್ಲಿ ಈ ಪದ್ಧತಿ ಬೇಡ ಎಂಬುದನ್ನೂ ಹೇಳಬೇಕು. ಸಂಖ್ಯೆಗಳೆಲ್ಲ ಕಾಗದದ ಮೇಲೆ ಒಂದರ ಕೆಳಗೊಂದು ಇದ್ದು, ಉತ್ತರವನ್ನು ಅಂಕಿ ಅಂಕಿಯಾಗಿ ಬರೆಯಲು ಬಿಡುವುದಾದರೆ ಬಲದಿಂದ ಕೂಡುವುದೇ ಸಲೀಸು. 2004ರಲ್ಲಿ ಜರ್ಮನಿಯಲ್ಲಿ ಶುರುವಾದ ಬಾಯಿಲೆಕ್ಕದ ವಿಶ್ವಕಪ್‌ನಲ್ಲಿ ಹತ್ತಂಕಿಯ ಹತ್ತು ಸಂಖ್ಯೆ ಕೂಡುವ ಸುತ್ತಿದೆ. ಅಲ್ಲಿ ಸಂಖ್ಯೆಗಳು ಎದುರಿಗೇ ಅಚ್ಚಾಗಿರುತ್ತವೆ, ಅದರ ಅಭ್ಯಾಸ ಬೇರೆ. ಪೈಸೆ ಸಮೇತ ಐದಂಕಿ ದಾಟಿದ ಮೊತ್ತಗಳನ್ನು ಕಿವಿಯಲ್ಲಿ ಕೇಳಿ ಕೂಡಲು ಹೋಗಬೇಡಿ. ಪೈಸೆಯನ್ನು ಪಕ್ಕದಲ್ಲಿ ಬರೆದುಕೊಂಡು ರೂಪಾಯಿ ಮಾತ್ರ ತಲೆಯಲ್ಲಿ ಕೂಡಿ, ಕೊನೆಗೆ ಪೈಸೆಯ ಸಾಲನ್ನು ಬೇರೆಯಾಗಿ ಸೇರಿಸಿ.